ಏಳು ಮರಿಗೆ ಏಳು ಕಾಳಿನ ಹೆಸರು: ಕೂಗಿದಾಗ ಎಲ್ಲಾ "ಈ" ಅಂತನ ಕೇಳಸ್ತಾವ

ಕರಿಮಣ್ಣು (ಲೋಕಾಪುರ ಕಡೆ)
ನಮ್ಮ ಮುಧೋಳ ನಾಯಿ ಏಳು ಮರಿ ಹಾಕೇತಿ. ನಾಕು ಗಂಡು, ಮೂರು ಹೆಣ್ಣು. ಇವತ್ತಿಗೆ 36 ದಿನ. ಎಲ್ಲಾಕ್ಕೂ ನಮ್ಮ ಹೊಲದ ಕಾಳಿನ ಹೆಸರು ಇಡಬೇಕಂತ ಮಾಡೀವಿ. ಏಳೂ ಎಲ್ಲಿ ಹೋದ್ರೂ ಒಂದ ಬಸಿರಿನ ಮರಿ ಅಂತ ಗೊತ್ತಾಗಬೇಕು. ಪಟ್ಟಿ ಹಿಂಗೈತಿ: ಸಜ್ಜಿ, ನವಣಿ, ಕಡ್ಲಿ, ತೊಗರಿ, ಕುಸುಬಿ, ಅಗಸಿ, ಹುರಳಿ.

ಎರಡು ಮರಿ ನಮ್ಮ ಮನ್ಯಾಗ ಉಳೀತಾವ. ಮೂರು ಇದ ಊರಾಗ ಬ್ಯಾರೆ ಬ್ಯಾರೆ ಮನಿಗೆ, ಒಂದು ವಿಜಯಪುರಕ್ಕ, ಒಂದು ಬೆಳಗಾವಿಗೆ. ಊರಾಗಿನ ಐದೂ ಹೊಲದಾಗ ದಿನಾ ಕೂಡತಾವ. ನಿನ್ನೆ ಹಾಲು ಇಟ್ಟು "ಸಜ್ಜೀ" ಅಂದೆ, ಏಳೂ ಓಡಿ ಬಂದು. ಒಂದು ಬರಬೇಕಾದಲ್ಲಿ ಏಳು ಬಂದ್ರ ಹೆಸರು ಇಟ್ಟು ಏನು ಉಪಯೋಗ? ಕಾಳಿನ ಹೆಸರು ಬಿಡದ ಇದನ್ನ ಸರಿ ಮಾಡಾಕ ಬರ್ತೈತೇನ್ರಿ?

ಜಮಖಂಡಿ ಹುಡುಗ
ಸಣ್ಣ ಹೆಸರು ಇಡ್ರಿ ಅಣ್ಣಾರ, ಎರಡ ಅಕ್ಷರ. ಮೊದಲನೇ ಅಕ್ಷರ ಒಂದಕ್ಕೊಂದು ಬ್ಯಾರೆ ಇದ್ರ ಸಾಕು. ನಿಮ್ಮ ಪಟ್ಟಿಯೊಳಗ ಸ, ನ, ಕ, ತ, ಅ, ಹ ಎಲ್ಲಾ ಬ್ಯಾರೆ ಅದಾವ. ಕಡ್ಲಿ, ಕುಸುಬಿ ಎರಡಕ್ಕ ಅಷ್ಟ "ಕ" ಐತಿ. ಒಂದು ತಗದ್ರ ಮುಗೀತು.

ತಿಕೋಟಾ ಅಜ್ಜ
ಮರಿ ಹುಟ್ಟಿದ ದಿನ ಯಾವ ನಕ್ಷತ್ರ ಇತ್ತು ಅಂತ ಹೇಳಿದ್ರ ಅಕ್ಷರ ತಗದು ಕೊಡತೀನಿ. ಏಳೂ ಒಂದ ರಾತ್ರಿ ಹುಟ್ಟಿದ್ರ ಒಂದ ನಕ್ಷತ್ರದ ನಾಕು ಪಾದದ ಅಕ್ಷರದಾಗ ಹೊಂದಸಬೇಕಾಗ್ತೈತಿ.

ಕರಿಮಣ್ಣು
ಅಜ್ಜಾರ, ನಕ್ಷತ್ರದ ಅಕ್ಷರ ಅಲ್ರಿ. ಕೂಗಿದಾಗ ಬ್ಯಾರೆ ಬ್ಯಾರೆ ಕೇಳಬೇಕು, ಅದ ನನ್ನ ಪ್ರಶ್ನೆ.

ಹಳ್ಳದ ದಂಡಿ
ತಮ್ಮಾ, ಮೊದಲು ಒಂದು ಮಾತು. ಹಾಲಿನ ತಾಟು ಕೈಯಾಗ ಹಿಡಕೊಂಡು ಏನ ಕೂಗಿದ್ರೂ ಏಳೂ ಬರ್ತಾವ. ಅದು ಹೆಸರಿನ ತಪ್ಪಲ್ಲ. ಊಟಕ್ಕ ಕರಿಯೂದಕ್ಕ ಹೆಸರು ಬಳಸಬ್ಯಾಡ. ತಾಟು ಬಡಿ, ಇಲ್ಲಾ ಸೀಟಿ ಹೊಡಿ, ಎಲ್ಲಾಕ್ಕೂ ಅದ ಒಂದ ಕರೆ. ಹೆಸರು ಅಂದ್ರ "ನೀ ಒಬ್ಬನ ಬಾ, ಉಳಿದವರು ಅಲ್ಲೆ ಇರ್ರಿ" ಅಂತ ಅರ್ಥ ಆಗಬೇಕು. ಹಾಲಿನ ಹೊತ್ತಿಗೆ ಹೆಸರು ಕೂಗಿದ್ರ ಆ ಅರ್ಥ ಮೊದಲ ದಿನಾನ ಕೆಡ್ತೈತಿ.

ಇನ್ನ ಹೆಸರಿನ ಮಾತು. ಜಮಖಂಡಿ ತಮ್ಮ ಹೇಳಿದ್ದು ಅರ್ಧಾ ಖರೆ. ಮನಿ ಒಳಗ, ಹತ್ತು ಹೆಜ್ಜಿ ದೂರದಾಗ, ಮೊದಲನೇ ಅಕ್ಷರ ಚೊಲೋ ಕೇಳಸ್ತೈತಿ. ಆದರ ಮುಧೋಳ ನಾಯಿ ಹತ್ತು ಹೆಜ್ಜಿಯೊಳಗ ನಿಲ್ಲೂ ತಳಿ ಅಲ್ಲ. ಕಣ್ಣಿಗಿ ಏನರ ಬಿತ್ತಂದ್ರ ಎರಡು ಹೊಲ ದಾಟಿರ್ತೈತಿ. ಅಷ್ಟು ದೂರ ಕೂಗುವಾಗ ನಾವು ಏನ ಮಾಡತೀವಿ? ಕಡೀ ಅಕ್ಷರ ಎಳೀತೀವಿ. "ಸಜ್ಜೀಈಈ", "ಕಡ್ಲೀಈಈ". ಸ, ತ, ಕ, ಹ ಎಲ್ಲಾ ಗಾಳಿಗೆ ಹೋಗ್ತಾವ, ಎಳದ ಸ್ವರ ಒಂದ ಮುಟ್ಟತೈತಿ. ನಿನ್ನ ಪಟ್ಟಿಯೊಳಗ ಏಳಕ್ಕ ಏಳೂ "ಈ". ಪುಸ್ತಕದಾಗ ಸಜ್ಜೆ, ನವಣೆ, ಕಡಲೆ, ಅಗಸೆ ಅಂತ "ಎ" ಇರ್ತೈತಿ, ತೊಗರಿ, ಹುರಳಿಗೆ "ಇ". ನಮ್ಮ ಬಾಯಾಗ ಎರಡೂ "ಇ" ಆಗ್ತಾವ. ನಮ್ಮ ಕಡೆ ಕಾಳಿನ ಹೆಸರಿಗೆ ಈ ತೊಡಕು ಹೆಚ್ಚು ಬರೂದು ಅದಕ್ಕ.

ಗುಮ್ಮಟದ ನೆರಳು
ಹಂಗಾದ್ರ ಕಾಳು ಬಿಟ್ಟು ನದಿ ಹೆಸರು ಇಡಬಹುದಲ್ಲ? ಕೃಷ್ಣಾ, ಭೀಮಾ, ಘಟಪ್ರಭಾ, ಮಲಪ್ರಭಾ, ಡೋಣಿ. ಮೂರೂ ಜಿಲ್ಲೆಯ ನದಿಗಳು, ಕೇಳಾಕೂ ಚೆಂದ.

ಹಳ್ಳದ ದಂಡಿ
ಅಲ್ಲಿ "ಈ" ಹೋಗಿ "ಆ" ಬಂತು, ಅಷ್ಟ. ಡೋಣಿ ಒಂದು ಬಿಟ್ರ ಎಲ್ಲಾ "ಆ". ಘಟಪ್ರಭಾ, ಮಲಪ್ರಭಾಕ್ಕ ಅರ್ಧ ಹೆಸರ ಒಂದ. ಮ್ಯಾಲ ಕೃಷ್ಣಾ, ಭೀಮಾ ಅಂತ ಹೊಲದಾಗ ಕೂಗಿದ್ರ ನಾಯಿಗಿಂತ ಮೊದಲು ಮಂದಿ ತಿರುಗಿ ನೋಡ್ತಾರ.

ಕನ್ನಡ ಮಾಸ್ತರ
ಹಳ್ಳದ ದಂಡಿಯವರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ಸ್ವರದಷ್ಟೇ ಲಯವೂ ಮುಖ್ಯ. ಪಟ್ಟಿಗೆ ಪ್ರಸ್ತಾರ ಹಾಕಿ ನೋಡಿ. ನವಣಿ, ತೊಗರಿ, ಕುಸುಬಿ, ಅಗಸಿ, ಹುರಳಿ, ಐದೂ ಮೂರು ಲಘು, ಅಂದರೆ ನಗಣ. ಸಜ್ಜಿ, ಕಡ್ಲಿ ಎರಡೂ ಒಂದು ಗುರು, ಒಂದು ಲಘು. ಏಳು ಹೆಸರಿಗೆ ಎರಡೇ ಲಯ, ಒಂದೇ ಅಂತ್ಯಸ್ವರ. ಪ್ರಾಸಕ್ಕೆ ಇದು ಬಹಳ ಒಳ್ಳೆಯದು, ಕರೆಯುವುದಕ್ಕೆ ಅಲ್ಲ. ಗುರು–ಲಘುವಿನದ್ದೊಂದು, ಮೂರು ಲಘುವಿನದ್ದೊಂದು ಹೀಗೆ ಜೋಡಿ ಮಾಡಿದರೆ "ಈ" ಅಂತ್ಯದ ಎರಡು ಹೆಸರು ಒಂದೇ ಹೊಲದಲ್ಲಿ ನಡೆಯಬಹುದು. ಸಜ್ಜಿ ಮತ್ತು ನವಣಿ, ಉದಾಹರಣೆಗೆ.

ಹಳ್ಳದ ದಂಡಿ
ಮಾಸ್ತರ, ಲಯದ ಮಾತು ಒಪ್ಪಿದೆ. ಆದರ ಹಾಳಿ ಮ್ಯಾಲಿನ ಪ್ರಸ್ತಾರ ಬ್ಯಾರೆ, ನಮ್ಮ ಬಾಯಾಗಿಂದು ಬ್ಯಾರೆ. ನವಣಿ ಅಂತ ನಾಕು ಸಲ ಜೋರಾಗಿ ಕೂಗಿ ನೋಡ್ರಿ. ನಡುವಿನ ಅಕ್ಷರ ಬಿದ್ದು "ನವ್ಣೀ" ಆಗ್ತೈತಿ. ತೊಗರಿ "ತೊಗ್ರಿ", ಕುಸುಬಿ "ಕುಸ್ಬಿ", ಹುರಳಿ "ಹುಳ್ಳಿ". ಮೂರು ಲಘು ಇದ್ದದ್ದು ಗುರು–ಲಘು ಆಗಿ ಸಜ್ಜಿ, ಕಡ್ಲಿ ಸಾಲಿಗೇ ಬಂದು ಕುಂದ್ರತಾವ. ಹಂಗಾಗಿ ನಡುವ ಸಣ್ಣ ಅಕ್ಷರ ಇರೂ ಹೆಸರನ್ನ ಮೂರು ಅಕ್ಷರದ್ದು ಅಂತ ನಂಬಬಾರದು. ನಡುವ ದೀರ್ಘನೋ ಒತ್ತಕ್ಷರನೋ ಇದ್ರ ಅದು ಬೀಳೂದಿಲ್ಲ. ಗೊಂಜಾಳ ನೋಡ್ರಿ, "ಜಾ" ಎಲ್ಲಿ ಹೋಗ್ತೈತಿ? ಗುರೆಳ್ಳು ನೋಡ್ರಿ, "ರೆಳ್" ಗಟ್ಟಿ ನಿಲ್ಲತೈತಿ. ಬಟಾಣಿನೂ ಹಂಗ.

ಕನ್ನಡ ಮಾಸ್ತರ
ಸರಿ, ಕೂಗಿ ನೋಡಿದೆ. ನವಣಿ–ಸಜ್ಜಿ ಜೋಡಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಬೆಳಗಾವಿ ಪಶುವೈದ್ಯೆ
ಒಂದು ಅಧ್ಯಯನ ಇಲ್ಲಿಗೆ ಹೊಂದುತ್ತದೆ. 2020ರಲ್ಲಿ ಬುಡಾಪೆಸ್ಟ್‌ನ ಎಟ್ವೋಶ್ ಲೋರಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ನಾಯಿಗಳ ತಲೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮೂರು ಬಗೆಯ ಮಾತು ಕೇಳಿಸಿದರು: ನಾಯಿಗೆ ಗೊತ್ತಿರುವ ಆಜ್ಞೆ, ಅದರಲ್ಲಿ ಒಂದೇ ಧ್ವನಿ ಬದಲಿಸಿದ ಅರ್ಥವಿಲ್ಲದ ಮಾತು, ಪೂರ್ತಿ ಬೇರೆಯಾದ ಅರ್ಥವಿಲ್ಲದ ಮಾತು. ಪೂರ್ತಿ ಬೇರೆಯಾದದ್ದನ್ನು ಮಿದುಳು ಬೇಗ ಬೇರೆ ಮಾಡಿತು. ಒಂದೇ ಧ್ವನಿ ಬದಲಾದದ್ದಕ್ಕೂ ಗೊತ್ತಿರುವ ಆಜ್ಞೆಗೂ ಮಿದುಳಿನ ಪ್ರತಿಕ್ರಿಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಾಯಿಗೆ ಕಿವಿ ಮಂದ ಎಂದಲ್ಲ, ಮಾತಿನ ಅಷ್ಟು ಸಣ್ಣ ವ್ಯತ್ಯಾಸಕ್ಕೆ ಅದು ಗಮನ ಕೊಡುವುದಿಲ್ಲ. ಹಾಗಾಗಿ ಕಡೆಯ ಸ್ವರ ಒಂದನ್ನೇ ಬದಲಿಸಿದರೂ ಸಾಲದು ಎಂದು ನನ್ನ ಅಭಿಪ್ರಾಯ. ಒಂದೇ ಮನೆಯಲ್ಲಿರುವ ಎರಡು ಹೆಸರಿಗೆ ಕನಿಷ್ಠ ಎರಡು ಕಡೆ ವ್ಯತ್ಯಾಸ ಇರಲಿ, ಆರಂಭ ಮತ್ತು ಅಂತ್ಯ, ಇಲ್ಲವೇ ಅಂತ್ಯ ಮತ್ತು ಲಯ.

ಇಳಕಲ್ ಅಕ್ಕ
ನಮ್ಮ ಮನ್ಯಾಗ ರಾಜಾ, ರಾಣಿ ಅಂತ ಎರಡದಾವ. ರಾಜಾನ ಕರದ್ರ ರಾಣಿನೂ ಬರ್ತೈತಿ. ಕಡೀ ಸ್ವರ ಬ್ಯಾರೆ ಐತಲ್ಲ, ಮತ್ಯಾಕ ಹಿಂಗ?

ಬೆಳಗಾವಿ ಪಶುವೈದ್ಯೆ
ಅಕ್ಕಾ, ಎರಡೂ "ರಾ" ಎಂದೇ ಶುರುವಾಗುತ್ತವೆ, ಎರಡೂ ಎರಡಕ್ಷರ. "ರಾ" ಕಿವಿಗೆ ಬಿದ್ದ ಕೂಡಲೇ ರಾಣಿ ಎದ್ದಿರುತ್ತದೆ, ಉಳಿದ ಅರ್ಧ ಕೇಳುವಷ್ಟರಲ್ಲಿ ಓಡಲು ಶುರು ಮಾಡಿರುತ್ತದೆ.

ಹಳ್ಳದ ದಂಡಿ
ಹತ್ರದಾಗ ಅದು ಖರೆ. ಆದರ ದೂರದ ಕೂಗಿಗೆ ನಾ ಕಡೀ ಸ್ವರಾನ ಹಿಡೀತೀನಿ ಡಾಕ್ಟರ. ಅಕ್ಕಾರ, ಹೊಲದಾಗ ದೂರ ನಿಂತು ಕರದಾಗೂ ರಾಣಿ ಬರ್ತೈತೇನು, ಇಲ್ಲಾ ಮನಿ ಒಳಗ ಅಷ್ಟ?

ಇಳಕಲ್ ಅಕ್ಕ
ಹೊಲ ಇಲ್ರಿ ನಮಗ. ಅಂಗಳದಾಗ ಅಷ್ಟ ನೋಡೀನಿ.

ಕರಿಮಣ್ಣು
ಹಂಗಾದ್ರ ಪಟ್ಟಿ ಮತ್ತ ಮಾಡಬೇಕು. ಕಾಳು, ಬೆಳಿ ಎರಡೂ ತಗೊಂಡು "ಆ" ಮತ್ತ "ಊ" ಕಡೀದ್ದು ಹುಡುಕೀನಿ. ಆ: ಜೋಳ, ಗೊಂಜಾಳ, ಶೇಂಗಾ, ಹಾರಕ. ಊ: ಎಳ್ಳು, ಉದ್ದು, ಹೆಸರು, ಬರಗು, ಗುರೆಳ್ಳು, ಕಬ್ಬು. ಏ, ಓ ಕಡೀದ್ದು ಒಂದೂ ಸಿಗಲಿಲ್ಲ. ಮೂರು ಸ್ವರದಾಗ ಏಳು ಮರಿ ಹೆಂಗ ಹೊಂದಸೂದು?

ಹಳ್ಳದ ದಂಡಿ
ಏಳು ಹೊಂದಸೂದ ಬ್ಯಾಡ. ನೀ ಬರದದ್ದು ನೀನ ಮತ್ತ ಓದು. ವಿಜಯಪುರದ್ದು, ಬೆಳಗಾವಿದು ಎರಡೂ ಎಂಟು ವಾರಕ್ಕ ಹೋಗ್ತಾವ. ಆಮ್ಯಾಲ ಅವುನ್ನ ಉಳಿದ ಐದರ ಜೋಡಿ ಯಾರೂ ಕರಿಯೂದಿಲ್ಲ. ಅವುಕ್ಕ ತೊಗರಿ, ಕುಸುಬಿ ಇಡು. ಚೆಂದನ ಹೆಸರು, ಒಂಟಿಯಾಗಿ ಇದ್ರ ಏನೂ ತ್ರಾಸ ಇಲ್ಲ. ಗಟ್ಟಿಯಾಗಿ ಬ್ಯಾರೆ ಕೇಳೂ ಹೆಸರು ನಿನಗ ಬೇಕಾದದ್ದು ಊರಾಗಿನ ಐದಕ್ಕ. ಅದರಾಗ ನಿನ್ನ ಮನಿ ಎರಡು ದಿನಪೂರ್ತಿ ಒಂದ ಅಂಗಳದಾಗ ಇರ್ತಾವ, ಅವುಕ್ಕ ಎಲ್ಲಾಕ್ಕಿಂತ ಹೆಚ್ಚು ದೂರ ದೂರದ ಹೆಸರು ಬೇಕು.

ಪಟ್ಟಿಯೊಳಗ ಕೆಲವು ತಗೀಬೇಕು. ಎಳ್ಳು ಬ್ಯಾಡ. ದೂರದಿಂದ "ಎಳ್ಳೂ" ಅನ್ನೂದು "ಏಳು" ಅಂದಂಗ ಕೇಳಸ್ತೈತಿ, ಕುಂತ ನಾಯಿನ ಏಳಸಾಕ ಅದ ಮಾತು ಬಳಸ್ತೀವಿ. ಬರಗು ಬ್ಯಾಡ, "ಬಾ", "ಬರ್ರಿ" ಅಂತ ದಿನಾ ನೂರು ಸಲ ಅಂತೀವಿ. ಹಾರಕ "ಹಾರು"ಗೆ ಹತ್ರ. ಹೆಸರು ಅಂತ ಇಟ್ರ "ನಾಯಿ ಹೆಸರೇನು" ಅಂದವರಿಗೆಲ್ಲಾ ನೀ ವಿವರಣೆ ಕೊಡಬೇಕಾಗ್ತೈತಿ. ಜೋಳ, ಗೊಂಜಾಳ ಎರಡರಾಗ ಒಂದ ಇಡು, ಬಾಲ ಎರಡಕ್ಕೂ ಒಂದ.

ಇನ್ನೊಂದು ಕೇಳಬೇಕಿತ್ತು. ತಾಯಿ ಹೆಸರೇನು?

ಕರಿಮಣ್ಣು
ಗೌರಿ.

ಹಳ್ಳದ ದಂಡಿ
ಹಂಗಾದ್ರ "ಈ" ನಿನ್ನ ಮನ್ಯಾಗ ಆಗ್ಲೇ ತಾಯಿ ಪಾಲಿಗೆ ಹೋತು. ಮನಿ ಎರಡಕ್ಕ ಒಂದು "ಊ", ಒಂದು "ಆ". ಉದ್ದು, ಗೊಂಜಾಳ ಇಡು. ಗೌರೀ, ಉದ್ದೂ, ಗೊಂಜಾಳಾ. ಮೂರು ಸ್ವರ. ಉದ್ದೂದು ಆರಂಭ ಬ್ಯಾರೆ, ಗೌರಿ, ಗೊಂಜಾಳ ಎರಡಕ್ಕೂ "ಗ" ಇದ್ರೂ ಗೊಂಜಾಳ ಉದ್ದ ಐತಿ. ಡಾಕ್ಟರ ಕೇಳಿದ ಎರಡು ವ್ಯತ್ಯಾಸನೂ ಬಂದು. ಊರಾಗಿನ ಮೂರು ಮನಿಗೆ ಶೇಂಗಾ, ಸಜ್ಜಿ, ಗುರೆಳ್ಳು. ಅಲ್ಲೂ ಆ, ಈ, ಊ. ಹೊಲದಾಗ ಐದೂ ಕೂಡಿದಾಗ ಉದ್ದು–ಗುರೆಳ್ಳು, ಶೇಂಗಾ–ಗೊಂಜಾಳ ಕಡೀ ಸ್ವರದಾಗ ಜೋಡಿ ಆಗ್ತಾವ, ಆದರ ಒಂದು ಎರಡಕ್ಷರ, ಒಂದು ಮೂರು, ನಡುವಿಂದು ಬೀಳದ ಅಕ್ಷರ. ಸಜ್ಜಿ ಎದುರಿಗೆ ಗೌರಿ ಅಷ್ಟ ಉಳೀತು. ಅದು ದೊಡ್ಡ ನಾಯಿ, ತನ್ನ ಹೆಸರು ಗಟ್ಟಿ ಗೊತ್ತೈತಿ.

ಜಮಖಂಡಿ ಹುಡುಗ
ಕಾಕಾ, ಗೊಂಜಾಳ ಅಂತ ಪೂರಾ ಯಾರು ಕರೀತಾರ? ಮೂರು ದಿನದಾಗ "ಗೊಂಜಾ" ಆಗ್ತೈತಿ.

ಹಳ್ಳದ ದಂಡಿ
ಇದು ಭಾಳ ಚೊಲೋ ಮಾತು ಹೇಳಿದಿ ತಮ್ಮಾ. "ಗೊಂಜಾ" ಆತಂದ್ರ ಶೇಂಗಾ ಎದುರಿಗೆ ಬಂದು ನಿಲ್ಲತೈತಿ: ಎರಡೂ ಎರಡು ಗುರು, ಎರಡರಾಗೂ ನಡುವ ಸೊನ್ನಿ, ಎರಡೂ "ಆ". ಹೆಸರು ಇಡುವಾಗ ಮುದ್ದಿನ ಮಾತಿಗೆ ಅದು ಏನಾಗ್ತೈತಿ ಅಂತ ನೋಡಿ, ಆ ಸಣ್ಣ ರೂಪಾನೂ ಪಟ್ಟಿಯೊಳಗ ಬರದು ಹೋಲಸಬೇಕು. ಕರಿಮಣ್ಣು, ನಿಮ್ಮ ಮನ್ಯಾಗ ಸಣ್ಣದು ಮಾಡೂದ ಇದ್ರ "ಜಾಳಾ" ಅಂತ ಮಾಡ್ರಿ, "ಗೊಂಜಾ" ಬ್ಯಾಡ.

ತಿಕೋಟಾ ಅಜ್ಜ
ಸಜ್ಜಿ ಹೋಗೂ ಮನ್ಯಾಗ ಹುಡುಗರು ಮುದುಕಿನ "ಅಜ್ಜಿ" ಅಂತಾರೋ "ಆಯಿ" ಅಂತಾರೋ ಕೇಳ್ರಿ. "ಅಜ್ಜೀ" ಅಂತ ಹುಡುಗ ಕೂಗಿದಾಗೆಲ್ಲಾ ಮರಿ ಎದ್ದು ಬರ್ತೈತಿ, ಬಂದ್ರ ಯಾರೂ ಏನೂ ಕೊಡೂದಿಲ್ಲ. ಹಿಂಗ ಬರೇ ಬಾಯಿಲೆ ಹೋದ ಹೆಸರಿಗೆ ಆಮ್ಯಾಲ ನಾಯಿ ಕಿವಿ ಕೊಡೂದಿಲ್ಲ.

ಕರಿಮಣ್ಣು
ಅಜ್ಜಾರ, ಇದು ಹೊಳದ ಇರಲಿಲ್ಲ. ಆ ಮನ್ಯಾಗ "ಆಯಿ" ಅಂತಾರ. ಸಜ್ಜಿ ಅಲ್ಲಿಗೇ ಕೊಡತೀನಿ.

ಈಗ ಕಲಸೂದು ಹೆಂಗ? 56 ದಿನಕ್ಕ ಕೊಡೂದು, ಇನ್ನ 20 ದಿನ ಐತಿ.

ಬೆಳಗಾವಿ ಪಶುವೈದ್ಯೆ
ಇಪ್ಪತ್ತು ದಿನ ಸಾಕು. ಮೊದಲು ಯಾರು ಯಾರೆಂದು ಮನೆಯವರಿಗೆ ಗೊತ್ತಾಗಬೇಕು. ಏಳೂ ಒಂದೇ ಬಣ್ಣದವಾದರೆ ಒಂದೊಂದರ ಕೊರಳಿಗೆ ಒಂದೊಂದು ಬಣ್ಣದ ಉಣ್ಣೆ ದಾರ ಕಟ್ಟಿ, ಬೆರಳು ಸಲೀಸಾಗಿ ಒಳಹೋಗುವಷ್ಟು ಸಡಿಲ ಇರಲಿ. ಈ ವಯಸ್ಸಿನಲ್ಲಿ ಕೊರಳು ಬೇಗ ದಪ್ಪ ಆಗುತ್ತದೆ, ಎರಡು ದಿನಕ್ಕೊಮ್ಮೆ ಬಿಚ್ಚಿ ಕಟ್ಟಿ. ಮನೆಯಲ್ಲಿ ಒಬ್ಬರು ತಪ್ಪು ಮರಿಗೆ ತಪ್ಪು ಹೆಸರು ಹೇಳಿದರೂ ಎರಡು ಮರಿಯ ಪಾಠ ಕೆಡುತ್ತದೆ.

ಆಮೇಲೆ ಒಂದೊಂದನ್ನೇ ಬೇರೆ ಕೋಣೆಗೆ ತನ್ನಿ, ಉಳಿದವು ಕಾಣಬಾರದು. ಬೇಯಿಸಿದ ಮೊಟ್ಟೆ ಇಲ್ಲವೇ ಕೋಳಿಯ ಚೂರು, ತೊಗರಿ ಕಾಳಿನಷ್ಟು ಸಣ್ಣದು. ಮರಿ ಬೇರೆ ಕಡೆ ನೋಡುತ್ತಿರುವಾಗ ಹೆಸರು ಒಂದೇ ಸಲ ಹೇಳಿ. ತಿರುಗಿದ ಕೂಡಲೇ ಚೂರು ಕೊಡಿ. ತಿರುಗಲಿಲ್ಲವೇ, ಮತ್ತೆ ಮತ್ತೆ ಹೇಳಬೇಡಿ, ಹತ್ತಿರ ಹೋಗಿ ಇನ್ನೊಮ್ಮೆ ಶುರು ಮಾಡಿ. ಒಂದು ಸಲಕ್ಕೆ ಐದಾರು ಕರೆ, ದಿನಕ್ಕೆ ಮೂರು ಸಲ. ಅದಕ್ಕಿಂತ ಹೆಚ್ಚು ಮಾಡಿದರೆ ಮರಿ ದಣಿದು ನಿದ್ದೆ ಹೋಗುತ್ತದೆ.

ನಾಲ್ಕೈದು ದಿನ ಆದ ಮೇಲೆ ಎರಡೆರಡು ಮರಿ ಕೂಡಿಸಿ. ಉದ್ದು, ಗೊಂಜಾಳ ಎದುರಿಗೆ ಕುಳಿತಿರಲಿ, "ಉದ್ದು" ಅಂದಾಗ ಉದ್ದುವಿಗೇ ಚೂರು. ಗೊಂಜಾಳ ಬಂದರೆ ಬೈಯಬೇಡಿ, ಸುಮ್ಮನಿರಿ, ಅದರ ಸರದಿಯಲ್ಲಿ ಅದಕ್ಕೆ ಕೊಡಿ. ಒಂದು ಎಚ್ಚರ: ಇದಕ್ಕೊಮ್ಮೆ ಅದಕ್ಕೊಮ್ಮೆ ಅಂತ ಸರದಿ ಹಾಕಿದರೆ ಮರಿಗಳು ಹೆಸರು ಬಿಟ್ಟು ಸರದಿ ಕಲಿಯುತ್ತವೆ. ಉದ್ದು, ಉದ್ದು, ಗೊಂಜಾಳ, ಉದ್ದು, ಗೊಂಜಾಳ, ಗೊಂಜಾಳ, ಹೀಗೆ ಕಲಸಿ. ಹತ್ತು ಕರೆಯಲ್ಲಿ ಎಂಟಕ್ಕೆ ಸರಿಯಾದ ಮರಿಯೇ ಎದ್ದರೆ ಆ ಜೋಡಿ ಹೆಸರು ಬೇರೆ ಬೇರೆ ಕೇಳುತ್ತಿವೆ ಎಂದು ತಿಳಿಯಬಹುದು. ಒಂದೇ ಮರಿ ಎಲ್ಲದಕ್ಕೂ ಏಳುತ್ತಿದ್ದರೆ ಅದು ಹಸಿದಿದೆ, ಹೆಸರನ್ನು ದೂರಬೇಡಿ. ಎರಡೂ ಎರಡಕ್ಕೂ ಎದ್ದರೆ ಮಾತ್ರ ಹೆಸರಿನ ಮೇಲೆ ಸಂಶಯ ಪಡಿ.

ಹಳ್ಳದ ದಂಡಿ
ಮರಿಗೆ ಕಲಸೂ ಮೊದಲು ಮನಷ್ಯಾರ ಕಿವಿ ಮ್ಯಾಲ ಪರೀಕ್ಷೆ ಮಾಡ್ರಿ. ಪಟ್ಟಿ ನೋಡದ ಒಬ್ಬರನ್ನ ಹೊಲದ ಆಚೆ ಬದುವಿಗೆ, ನೂರೈವತ್ತು ಹೆಜ್ಜಿ ದೂರ, ಬೆನ್ನು ಮಾಡಿ ನಿಲ್ಲಸ್ರಿ. ಗಾಳಿ ಅವರ ಕಡೆಯಿಂದ ನಿಮ್ಮ ಕಡೆ ಬೀಸ್ತಿರಬೇಕು. ಐದು ಹೆಸರನ್ನ ಕಲಸಿ ಹತ್ತು ಸಲ ಕೂಗ್ರಿ, ಅವರು ಕೇಳಿದ್ದನ್ನ ಬರೀಲಿ. ಪಟ್ಟಿ ಗೊತ್ತಿದ್ದವರು ಅರ್ಧ ಕೇಳಿ ಉಳಿದದ್ದು ಊಹಾ ಮಾಡತಾರ, ಅದಕ್ಕ ಗೊತ್ತಿಲ್ಲದವರ ಬೇಕು. ಯಾವ ಎರಡು ಅದಲಬದಲ ಬರೀತಾರ, ಅವು ಬದಲಾಗಬೇಕಾದ ಹೆಸರು.

ಗುಮ್ಮಟದ ನೆರಳು
ವಿಜಯಪುರಕ್ಕ ಬರೂ ತೊಗರಿ ನಮ್ಮ ಮಾವನ ಮನಿಗೆ. ಅವರು ಹೆಸರು ಬದಲಿ ಮಾಡಿದ್ರ?

ಬೆಳಗಾವಿ ಪಶುವೈದ್ಯೆ
ಮಾಡಬಹುದು. ಹೊಸ ಹೆಸರು ಮೊದಲು, ಅದರ ಬೆನ್ನಿಗೇ ಹಳೆಯದು, ಒಂದೆರಡು ವಾರ ಹೀಗೆ ಕರೆದು ಹಳೆಯದನ್ನು ಬಿಡಿ. ಕೆನಲ್ ಕ್ಲಬ್ ಕಾಗದದಲ್ಲಿ ತೊಗರಿ ಎಂದೇ ಉಳಿಯಲಿ, ಕಾಳಿನ ಸಾಲು ಅಲ್ಲಿ ಕಾಣುತ್ತದೆ.

ಕರಿಮಣ್ಣು
ಇವತ್ತು ಸಂಜಿಕೆ ಹೊಲದಾಗ ಕೂಗಿ ನೋಡಿದ್ವಿ, ಬದುವಿನ ಮ್ಯಾಲ ನಮ್ಮ ಮಾವನ ಮಗಳು ನಿಂತಿದ್ಲು. ಹತ್ತರಾಗ ಒಂಬತ್ತು ಸರಿ. ತಪ್ಪಿದ್ದು ಗುರೆಳ್ಳು, ಅದನ್ನ "ಎಳ್ಳು" ಅಂತ ಬರದಾಳ.

ಹಳ್ಳದ ದಂಡಿ
ಮೊದಲನೇ "ಗು" ಹೋಗೇತಿ. ಲಘು ಅಕ್ಷರ ಮೊದಲು ಬಂದ್ರ ಹಂಗ ಆಗ್ತೈತಿ. ಉಳಿದದ್ದು ಉದ್ದು ಜೋಡಿ ಕಲಸಲಿಲ್ಲ, ಅದು ಚೊಲೋ. ಆದರ "ಏಳು" ಹತ್ರ ಬಂತಲ್ಲ ಮತ್ತ. ಆ ಮನಿಯವರು "ಏಳು" ಅನ್ನೂ ಬದಲಿ "ಮ್ಯಾಲ" ಅಂತ ಕಲಸಲಿ, ಇಲ್ಲಾ ಗುರೆಳ್ಳು ತಗದು ಕಬ್ಬು ಇಡ್ರಿ. ಕಬ್ಬು ಇಟ್ರ ಉದ್ದು ಎದುರಿಗೆ ಲಯ ಒಂದ ಆಗ್ತೈತಿ, ಕಾಳೂ ಅಲ್ಲ.

ಕನ್ನಡ ಮಾಸ್ತರ
ನನಗೆ ಬೇರೆ ಅನುಮಾನ ಇದೆ. ಶೇಂಗಾ, ಗುರೆಳ್ಳು ನಮ್ಮ ಅಡುಗೆಮನೆಯ ದಿನನಿತ್ಯದ ಮಾತು. "ಶೇಂಗಾ ಹಿಂಡಿ ಹಾಕು" ಅಂದಾಗೆಲ್ಲ ಮರಿ ಕಿವಿ ನಿಮಿರಿಸುವುದಿಲ್ಲವೇ? ಅಜ್ಜಾರು "ಅಜ್ಜಿ"ಗೆ ಹೇಳಿದ್ದೇ ಇಲ್ಲಿಗೂ ಅನ್ವಯಿಸುತ್ತದೆ.

ಹಳ್ಳದ ದಂಡಿ
ಮಾತಾಡೂ ದನಿ ಬ್ಯಾರೆ, ಕೂಗೂ ದನಿ ಬ್ಯಾರೆ ಮಾಸ್ತರ. ಊಟದಾಗ "ಶೇಂಗಾ ಹಿಂಡಿ" ಅನ್ನುವಾಗ ಕಡೀ ಸ್ವರ ಯಾರೂ ಎಳಿಯೂದಿಲ್ಲ. ಎಳದ ಕೂಗಿಗೆ ಅಷ್ಟ ಚೂರು ಕೊಟ್ಟು ಕಲಸಿದ್ರ ನಾಯಿ ಎರಡನ್ನ ಬ್ಯಾರೆ ಮಾಡ್ತೈತಿ.

ಬೆಳಗಾವಿ ಪಶುವೈದ್ಯೆ
ಹೊಲದಲ್ಲಿ ಸರಿ. ಮನೆಯಲ್ಲಿ ಹತ್ತಿರದಿಂದ ಮೆತ್ತಗೆ ಕರೆಯುವಾಗ ಎಳೆಯುವುದಿಲ್ಲವಲ್ಲ, ಅಲ್ಲಿ ಮಾಸ್ತರರ ಅನುಮಾನ ನಿಲ್ಲುತ್ತದೆ. ನಾನಾಗಿದ್ದರೆ ಶೇಂಗಾ ಎನ್ನುವುದನ್ನು ಬೆಳಗಾವಿಗೆ ಕಳಿಸಿ, ಕುಸುಬಿಯನ್ನು ಊರಲ್ಲಿ ಇಡುತ್ತಿದ್ದೆ.

ಹಳ್ಳದ ದಂಡಿ
ಕುಸುಬಿ ಊರಾಗ ಬಂದ್ರ "ಕುಸ್ಬೀ", "ಸಜ್ಜೀ" ಎದುರಾಬದುರಾ ಆಗ್ತಾವ.

ಕರಿಮಣ್ಣು
ಉದ್ದು, ಗೊಂಜಾಳ, ಸಜ್ಜಿ ಇವತ್ತಿಂದ ಪಕ್ಕಾ. ದಾರ ಕಟ್ಟೀನಿ: ಉದ್ದೂಗೆ ಕರಿ, ಗೊಂಜಾಳಕ್ಕ ಹಳದಿ, ಸಜ್ಜಿಗೆ ಹಸರು. ಶೇಂಗಾ, ಗುರೆಳ್ಳು ಹೋಗೂ ಮನಿಯವರನ್ನ ನಾಳೆ ಕರಸಿ, ಅಡಗಿ ಮನ್ಯಾಗ ಎಷ್ಟು ಸಲ ಆ ಮಾತು ಬರ್ತೈತಿ ಅಂತ ಅವರನ್ನ ಕೇಳತೀನಿ. ಗುರೆಳ್ಳಿನ ಬದಲಿ "ಊ" ಕಡೀದ್ದು, ನಡುವ ಗಟ್ಟಿ ಅಕ್ಷರ ಇದ್ದದ್ದು, ಇನ್ನ ಯಾವದರ ಕಾಳು ಯಾರಿಗರ ಗೊತ್ತಿದ್ರ ಬರೀರಿ.